ಕೊಡವ ತಕ್ಕ್: ಸಣ್ಣ ಭಾಷೆಯೊಂದರ ಬಳಕೆ ಕುಗ್ಗುವ ಬಗೆ

1991ರ ಜನಗಣತಿಯಲ್ಲಿ ಕೊಡವ ಭಾಷೆಯನ್ನು ಮಾತೃಭಾಷೆಯೆಂದು ಬರೆಯಿಸಿದವರು 97,011 ಮಂದಿ. 2001ರಲ್ಲಿ ಈ ಸಂಖ್ಯೆ 1,66,187ಕ್ಕೆ ಏರಿತು. 2011ರಲ್ಲಿ 1,13,857ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಏರಿಕೆ, ಮುಂದಿನ ಹತ್ತು ವರ್ಷಗಳಲ್ಲಿ ನೂರಕ್ಕೆ ಮೂವತ್ತೊಂದರಷ್ಟು ಇಳಿತ. ಜನನ ಮರಣಗಳಿಂದಾಗಲಿ ವಲಸೆಯಿಂದಾಗಲಿ ಇಂತಹ ಏರಿಳಿತ ಸಂಭವಿಸುವುದು ಸಾಧ್ಯವಿಲ್ಲ. ಆದುದರಿಂದ ಈ ಅಂಕಿಗಳು ಏನನ್ನು ಅಳೆಯುತ್ತವೆ ಎಂಬ ಪ್ರಶ್ನೆಯಿಂದಲೇ ವಿಚಾರವನ್ನು ಆರಂಭಿಸುವುದು ಉಚಿತ.

ಜನಗಣತಿಯ ವ್ಯಾಖ್ಯೆಯಂತೆ ಮಾತೃಭಾಷೆಯೆಂದರೆ ಒಬ್ಬನ ಬಾಲ್ಯದಲ್ಲಿ ಅವನ ತಾಯಿ ಅವನೊಡನೆ ಆಡಿದ ಭಾಷೆ. ಎಪ್ಪತ್ತು ವರ್ಷದ ಮುದುಕನು ಕೊಡುವ ಉತ್ತರವು ಹೀಗೆ ಎಪ್ಪತ್ತು ವರ್ಷಗಳ ಹಿಂದಿನ ಮನೆಯೊಂದರ ವರದಿ. ಅವನು ಇಂದು ಯಾರೊಡನೆ ಯಾವ ಭಾಷೆಯಲ್ಲಿ ಮಾತನಾಡುತ್ತಾನೆಂಬುದು ಅದರಿಂದ ತಿಳಿಯುವುದಿಲ್ಲ. ಮನೆಯ ಹಿರಿಯರೇ ಎಲ್ಲರ ಪರವಾಗಿ ಉತ್ತರ ಹೇಳುವುದು ರೂಢಿಯಾದುದರಿಂದ, ಆ ಭಾಷೆಯನ್ನಾಡದ ಮಕ್ಕಳ ಹೆಸರಿನ ಮುಂದೆಯೂ ಕುಲದ ಭಾಷೆಯ ಹೆಸರೇ ಬೀಳುವುದು ಸಹಜ. ಹೀಗಾಗಿ, ಭಾಷೆಯೊಂದು ಮನೆಯಲ್ಲಿ ನಿಂತುಹೋದ ಬಹುಕಾಲದ ನಂತರವೂ ಜನಗಣತಿಯ ಪುಟದಲ್ಲಿ ಅದು ಉಳಿದಿರಬಲ್ಲದು.

ಮೈಸೂರು ನಗರದಲ್ಲಿ ನೆಲೆಸಿದ ಒಂದು ಕೊಡವ ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಅಜ್ಜ, ಅಜ್ಜಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು: ಒಟ್ಟು ಆರು ಮಂದಿ. ಗಣತಿಯವನು ಬಂದರೆ ಆರು ಹೆಸರುಗಳ ಮುಂದೆಯೂ ಕೊಡವ ಎಂದೇ ಬರೆದುಕೊಂಡು ಹೋದಾನು. ಆದರೆ ಸಂಶೋಧಕನು ಕೇಳಬೇಕಾದ ಪ್ರಶ್ನೆ ಬೇರೆ: ಯಾರು ಯಾರೊಡನೆ ಯಾವ ಭಾಷೆಯನ್ನಾಡುತ್ತಾರೆ? ಅಜ್ಜ ಅಜ್ಜಿಯರ ನಡುವೆ ಕೊಡವ. ಅವರಿಗೂ ಮಗನಿಗೂ ನಡುವೆ ಕೊಡವ. ಮಗ ಸೊಸೆಯರ ನಡುವೆ ಕೊಡವ, ಆದರೆ ಬ್ಯಾಂಕು ಮತ್ತು ಕಚೇರಿಯ ವಿಷಯ ಬಂದೊಡನೆ ಇಂಗ್ಲಿಷು. ಅಜ್ಜಿ ಮೊಮ್ಮಗಳನ್ನು ಕೊಡವದಲ್ಲಿ ಕೇಳುತ್ತಾಳೆ. ಮೊಮ್ಮಗಳು ಕನ್ನಡದಲ್ಲಿ ಉತ್ತರಿಸುತ್ತಾಳೆ. ತಂದೆತಾಯಿಗಳು ಮಕ್ಕಳೊಡನೆ ಕನ್ನಡ, ಇಂಗ್ಲಿಷು ಎರಡನ್ನೂ ಬೆರೆಸುತ್ತಾರೆ. ಮಕ್ಕಳಿಬ್ಬರು ತಮ್ಮತಮ್ಮಲ್ಲಿ ಆಡುವುದು ಶಾಲೆಯ ಭಾಷೆಯನ್ನು ಮಾತ್ರ. ಮೂರು ತಲೆಮಾರುಗಳ ನಡುವೆ ಇರುವ ಈ ಆರು ಬಗೆಯ ಸಂಭಾಷಣೆಗಳಲ್ಲಿ ಮೂರರಲ್ಲಿ ಭಾಷೆ ಜೀವಂತವಾಗಿದೆ, ಒಂದರಲ್ಲಿ ಅರ್ಧ ಉಳಿದಿದೆ, ಎರಡರಲ್ಲಿ ಇಲ್ಲ. ಇಲ್ಲದಿರುವ ಆ ಎರಡೂ ಮಕ್ಕಳಿಗೆ ಸಂಬಂಧಿಸಿದವು ಎಂಬುದನ್ನು ವಾಚಕರು ಗಮನಿಸಬೇಕು. ಅಜ್ಜ ಅಜ್ಜಿಯರು ಕಾಲವಾದೊಡನೆ ಉಳಿಯುವುದು ಮಗ ಸೊಸೆಯರ ಸಂಭಾಷಣೆಯೊಂದೇ.

ಇಂತಹ ಮನೆಯಲ್ಲಿ ಭಾಷೆಯ ಸ್ಥಿತಿಯನ್ನು ತಿಳಿಯಬೇಕಾದರೆ ಪ್ರಶ್ನೆಯನ್ನಲ್ಲ, ಉತ್ತರವನ್ನು ಆಲಿಸಬೇಕು. ಹಿರಿಯರು ಕಿರಿಯರೊಡನೆ ತಮ್ಮ ಭಾಷೆಯಲ್ಲಿ ಮಾತನಾಡುತ್ತಿರುವುದರಿಂದ ಮನೆಯಲ್ಲಿ ಭಾಷೆ ಇದೆಯೆಂದು ಹಲವರು ನಂಬಿರುತ್ತಾರೆ. ಮಗುವು ಆ ಮಾತನ್ನು ತಿಳಿದುಕೊಳ್ಳುತ್ತದೆ, ನಿಜ. ಆದರೆ ತಾನಾಗಿ ವಾಕ್ಯವನ್ನು ಕಟ್ಟುವ ಸಂದರ್ಭವೇ ಅದಕ್ಕೆ ಒದಗುವುದಿಲ್ಲ. ಬಾ, ಉಣ್ಣು, ಕೂರು ಎಂಬಂತಹ ಆಜ್ಞೆಗಳು ಕೊನೆಯವರೆಗೂ ಉಳಿದು, ಕತೆ ಹೇಳುವ, ಜಗಳವಾಡುವ, ಹಾಸ್ಯ ಮಾಡುವ ಭಾಷೆ ಮೊದಲು ಹೋಗುತ್ತದೆ.

ಯುನೆಸ್ಕೋ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಅಪಾಯಗ್ರಸ್ತ ಭಾಷೆಗಳ ಭೂಪಟದಲ್ಲಿ ಕೊಡವವನ್ನು ‘ನಿಶ್ಚಿತವಾಗಿ ಅಪಾಯದಲ್ಲಿರುವ’ ಭಾಷೆಗಳ ವರ್ಗದಲ್ಲಿ ಸೇರಿಸಿದೆ. ಮಕ್ಕಳು ಮನೆಯಲ್ಲಿ ಇದನ್ನು ಮಾತೃಭಾಷೆಯಾಗಿ ಕಲಿಯುತ್ತಿಲ್ಲವೆಂಬುದು ಆ ವರ್ಗದ ಲಕ್ಷಣ. ಕೊಡಗಿನ ಎಲ್ಲ ಮನೆಗಳಿಗೂ ಈ ಮಾತು ಸಲ್ಲುವುದಿಲ್ಲ. ವರ್ಗೀಕರಣದಲ್ಲಿ ಅತ್ಯುಕ್ತಿಯುಂಟೆಂದು ನನ್ನ ಅಭಿಪ್ರಾಯ. ಆದರೆ ಮಕ್ಕಳ ಮೇಲೆ ದೃಷ್ಟಿಯಿಟ್ಟಿರುವುದು ಸರಿಯಾದ ಕ್ರಮವೇ. ಇದಕ್ಕೆ ಪ್ರತಿಯಾಗಿ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಮೂಲಕ 2013ರಲ್ಲಿ ಆರಂಭವಾದ ಅಪಾಯಗ್ರಸ್ತ ಭಾಷೆಗಳ ಸಂರಕ್ಷಣಾ ಯೋಜನೆಯು ಹತ್ತು ಸಾವಿರಕ್ಕಿಂತ ಕಡಮೆ ಜನರಾಡುವ ಭಾಷೆಗಳಿಗೆ ಮೀಸಲಾದುದು. ಒಂದು ಅಳತೆಯಂತೆ ಅಪಾಯದಲ್ಲಿರುವ ಭಾಷೆ ಇನ್ನೊಂದು ಅಳತೆಯಂತೆ ಸುರಕ್ಷಿತವಾಗುವುದು ಹೀಗೆ.

ಇನ್ನು ಕಾರಣಗಳ ವಿಚಾರ. ಬಡತನ, ಅವಮಾನ, ರಾಜಕೀಯ ದಬ್ಬಾಳಿಕೆ ಇವುಗಳಿಂದ ಸಣ್ಣ ಭಾಷೆಗಳು ನಶಿಸುತ್ತವೆಂದು ಸಾಮಾನ್ಯವಾಗಿ ಹೇಳುವುದುಂಟು. ಅನೇಕ ಭಾಷೆಗಳ ವಿಷಯದಲ್ಲಿ ಇದು ಸತ್ಯ. ಆದರೆ ಕೊಡವರು ಭೂಮಿಯುಳ್ಳವರು, ವಿದ್ಯಾವಂತರು, ಸೈನ್ಯದಲ್ಲಿ ಹೆಸರು ಗಳಿಸಿದವರು, ತಮ್ಮ ಆಚಾರಗಳ ವಿಷಯದಲ್ಲಿ ಅಭಿಮಾನಿಗಳು. ಅಭಿಮಾನವೊಂದರಿಂದಲೇ ಭಾಷೆ ಉಳಿಯುವುದಾದರೆ ಕೊಡವಕ್ಕೆ ಯಾವ ಚಿಂತೆಯೂ ಇರಬಾರದಾಗಿತ್ತು.

ಕನ್ನಡದ ಸಂಪರ್ಕವೇ ಕಾರಣವೆಂಬ ವಾದವೂ ಚರಿತ್ರೆಯ ಮುಂದೆ ನಿಲ್ಲುವುದಿಲ್ಲ. 1834ರಲ್ಲಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಳ್ಳುವವರೆಗೆ ಆಳಿದ ಹಾಲೇರಿ ಮನೆತನದವರ ಆಸ್ಥಾನಭಾಷೆ ಕನ್ನಡವಾಗಿತ್ತು. ದೊಡ್ಡ ವೀರರಾಜೇಂದ್ರನ ಕಾಲದ ‘ರಾಜೇಂದ್ರನಾಮೆ’ ರಚಿತವಾದುದು ಕನ್ನಡದಲ್ಲಿಯೇ. ಆಸ್ಥಾನದಲ್ಲಿ, ಲೆಕ್ಕಪತ್ರಗಳಲ್ಲಿ ಕನ್ನಡ. ಮನೆಯಲ್ಲಿ, ಗದ್ದೆಯಲ್ಲಿ, ಮಂದಿನಲ್ಲಿ ಕೊಡವ. ಈ ಎರಡು ಭಾಷೆಗಳು ತಮ್ಮತಮ್ಮ ಕ್ಷೇತ್ರಗಳನ್ನು ಹಂಚಿಕೊಂಡು ಎರಡು ಶತಮಾನಗಳಿಗೂ ಮೀರಿ ಜೊತೆಯಲ್ಲಿ ಬಾಳಿದವು. ದ್ವಿಭಾಷಿಕತೆಯು ತಾನಾಗಿ ಭಾಷೆಯನ್ನು ಕೊಲ್ಲುವುದಿಲ್ಲ. ಮೇಲಿನ ಭಾಷೆ ಮನೆಯ ಹೊಸ್ತಿಲನ್ನು ದಾಟಿ ಒಳಗೆ ಬಂದಾಗ ಮಾತ್ರ ಹಂಚಿಕೆ ಮುರಿಯುತ್ತದೆ.

ಆ ಹೊಸ್ತಿಲು ಯಾವುದು? ಕೊಡವರ ಸಮಾಜದ ಘಟಕ ‘ಒಕ್ಕ’. ಒಂದೇ ಮೂಲಪುರುಷನಿಂದ ಬಂದ ಒಕ್ಕದವರು ‘ಐನ್‌ಮನೆ’ಯೆಂಬ ಹಿರಿಯ ಮನೆಯಲ್ಲಿ ಕೂಡಿ ಬಾಳುತ್ತಿದ್ದರು. ಜಮ್ಮಾ ಭೂಮಿ ಒಕ್ಕಕ್ಕೆ ಸೇರಿದ್ದು, ಅದನ್ನು ಒಡೆಯುವಂತಿರಲಿಲ್ಲ. ಇಂತಹ ಮನೆಯಲ್ಲಿ ಮಗುವಿಗೆ ಭಾಷೆ ಬರುವುದು ತಾಯಿಯೊಬ್ಬಳಿಂದಲ್ಲ. ಅಜ್ಜಿಯರಿಂದ, ದೊಡ್ಡಮ್ಮ ಚಿಕ್ಕಮ್ಮಂದಿರಿಂದ, ಎಲ್ಲಕ್ಕಿಂತ ಹೆಚ್ಚಾಗಿ ತನಗಿಂತ ಎರಡು ಮೂರು ವರ್ಷ ಹಿರಿಯರಾದ ಮಕ್ಕಳಿಂದ. ಒಬ್ಬ ಸೊಸೆ ಬೇರೆ ಭಾಷೆಯವಳಾಗಿ ಬಂದರೂ ಅಲ್ಲಿ ಭಾಷೆ ಮುರಿಯುತ್ತಿರಲಿಲ್ಲ, ಅವಳೇ ಕಲಿಯುತ್ತಿದ್ದಳು. ಕಾಫಿ ತೋಟಗಳು ಬೆಳೆದು, ಸರಕಾರಿ ಮತ್ತು ಸೈನ್ಯದ ಉದ್ಯೋಗಗಳು ಹೆಚ್ಚಿ, ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಮೈಸೂರು ಬೆಂಗಳೂರುಗಳಲ್ಲಿ ಮನೆ ಮಾಡುವ ಪದ್ಧತಿ ಬಂದ ಮೇಲೆ ಒಕ್ಕವು ಚದುರಿತು. ಐನ್‌ಮನೆ ಹಬ್ಬಕ್ಕೆ, ಕಾರಣರ ಪೂಜೆಗೆ ಸೇರುವ ಸ್ಥಳವಾಯಿತು. ನಗರದ ನಾಲ್ವರ ಮನೆಯಲ್ಲಿ ಮಗುವಿಗೆ ಕೊಡವವನ್ನಾಡುವ ಸಮವಯಸ್ಕರಿಲ್ಲ. ಇಬ್ಬರು ಹಿರಿಯರ ನಿರ್ಧಾರವೊಂದರಿಂದಲೇ ಭಾಷೆ ನಿಲ್ಲಬಹುದು, ಹೋಗಬಹುದು. ಆ ನಿರ್ಧಾರವೂ ಭಾಷೆಯನ್ನು ಬಿಡೋಣವೆಂದು ಮಾಡಿದುದಲ್ಲ. ಶಾಲೆಗೆ ಸೇರುವ ಮುನ್ನ ಇಂಗ್ಲಿಷು ಸ್ವಲ್ಪ ಬರಲಿ, ಕೊಡವ ಹೇಗಿದ್ದರೂ ಬರುತ್ತದೆ ಎಂಬ ಸದುದ್ದೇಶದಿಂದ ಮಾಡಿದುದು. ‘ಹೇಗಿದ್ದರೂ ಬರುತ್ತದೆ’ ಎಂಬುದು ಐನ್‌ಮನೆಯಲ್ಲಿ ನಿಜವಾಗಿತ್ತು.

ಕೊಡವವನ್ನಾಡುವವರು ಕೊಡವರೊಬ್ಬರೇ ಅಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಅಮ್ಮಕೊಡವ, ಹೆಗ್ಗಡೆ, ಐರಿ, ಕೆಂಬಟ್ಟಿ, ಮೇದ ಮುಂತಾದ ಹಲವು ಸಮುದಾಯಗಳಿಗೆ ಇದು ಮನೆಮಾತು. ಪುನರುಜ್ಜೀವನದ ಚರ್ಚೆಗಳಲ್ಲಿ ಇವರ ಹೆಸರು ವಿರಳವಾಗಿ ಬರುವುದು ಶೋಚನೀಯ.

ಭಾಷೆಯನ್ನು ಮತ್ತೆ ಬಳಕೆಗೆ ತರುವ ಪ್ರಯತ್ನಗಳು ಸಾಮಾನ್ಯವಾಗಿ ಗ್ರಂಥ, ಲಿಪಿ, ಅಕಾಡೆಮಿಗಳಿಂದ ಆರಂಭವಾಗುತ್ತವೆ. ಕೊಡವದಲ್ಲಿ ಇವುಗಳಿಗೆ ಕೊರತೆಯಿಲ್ಲ. ಅಪ್ಪಚ್ಚ ಕವಿಗಳ ನಾಟಕಗಳು 20ನೆಯ ಶತಮಾನದ ಮೊದಲ ದಶಕದಿಂದಲೇ ಬಂದವು. ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ 1924ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ಕರ್ನಾಟಕ ಕೊಡವ ಸಾಹಿತ್ಯ ಅಕಾಡೆಮಿ 1994ರಲ್ಲಿ ಸ್ಥಾಪಿತವಾಯಿತು. ಲಿಪಿಯ ಪ್ರಶ್ನೆಯಲ್ಲಿ ನಿಜವಾದ ತೊಡಕೊಂದುಂಟು. 1930ರ ದಶಕದಲ್ಲಿ ಕೊಡಗಿನಲ್ಲಿ ಕ್ಷೇತ್ರಕಾರ್ಯ ಮಾಡಿದ ಎಂ. ಬಿ. ಎಮಿನೊ ಅವರು ತೋರಿಸಿರುವಂತೆ, ಕನ್ನಡದಲ್ಲಿಲ್ಲದ ಎರಡು ಮಧ್ಯಸ್ವರಗಳು, ಹ್ರಸ್ವ ದೀರ್ಘ ಎರಡು ರೂಪಗಳಲ್ಲಿ, ಈ ಭಾಷೆಯಲ್ಲಿವೆ. ನಾಲಗೆಯನ್ನು ಇಕಾರ ಎಕಾರಗಳ ಸ್ಥಾನದಿಂದ ಹಿಂದಕ್ಕೆ ಸರಿಸಿ, ತುಟಿಯನ್ನು ದುಂಡಾಗಿಸದೆ ಉಚ್ಚರಿಸಿದರೆ ಇವು ಹುಟ್ಟುತ್ತವೆ. ಕನ್ನಡದ ‘ಇಡು’ ಧಾತುವಿಗೆ ಸಂವಾದಿಯಾದ ಕೊಡವ ಧಾತುವಿನ ಮೊದಲ ಸ್ವರ ಇಂತಹುದು; ಮೂರ್ಧನ್ಯ ವ್ಯಂಜನದ ಪ್ರಭಾವದಿಂದ ಆದ ಬದಲಾವಣೆಯಿದು. ಕನ್ನಡ ಲಿಪಿಯಲ್ಲಿ ಇದಕ್ಕೆ ಚಿಹ್ನೆಯಿಲ್ಲ. ಭಾಷೆ ಬಲ್ಲವನು ಓದುವಾಗ ತಾನೇ ಸರಿಪಡಿಸಿಕೊಳ್ಳುತ್ತಾನೆ. ಪುಸ್ತಕದಿಂದ ಕಲಿಯುವ ಮಗುವಾದರೋ ಇಕಾರವೆಂದೇ ಓದುತ್ತದೆ. ಈ ಕಾರಣಕ್ಕಾಗಿ ಐ. ಮಾ. ಮುತ್ತಣ್ಣನವರು 1970ರಲ್ಲಿ ಪ್ರತ್ಯೇಕ ಲಿಪಿಯೊಂದನ್ನು ರಚಿಸಿದರು. 2005ರಲ್ಲಿ ಗ್ರೆಗ್ ಕಾಕ್ಸ್ ಎಂಬವರು ಇನ್ನೊಂದನ್ನು ರಚಿಸಿದರು. ಕನ್ನಡ ಅಕ್ಷರಕ್ಕೆ ಒಂದು ಚಿಕ್ಕ ಗುರುತನ್ನು ಸೇರಿಸಿ ಎಲ್ಲರೂ ಅದನ್ನೇ ಬಳಸಿದ್ದರೆ ಸಾಕಾಗುತ್ತಿತ್ತೆಂದು ನನಗೆ ತೋರುತ್ತದೆ. ಹೊಸ ಲಿಪಿಯನ್ನು ಕಲಿಯಬೇಕಾದವನು ಮೊದಲು ಭಾಷೆಯನ್ನು ಕಲಿತಿರಬೇಕಷ್ಟೆ.

ಭಾಷಾಪಲ್ಲಟವನ್ನು ಹಿಂದಿರುಗಿಸುವ ಕ್ರಮವನ್ನು ಕುರಿತು 1991ರಲ್ಲಿ ಗ್ರಂಥ ಬರೆದ ಜೋಷುವಾ ಫಿಷ್ಮನ್ ಅವರು, ಮನೆ ಮತ್ತು ನೆರೆಹೊರೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಭಾಷೆ ಸಾಗುವುದೇ ಮುಖ್ಯ ಘಟ್ಟ. ಅದನ್ನು ಬಿಟ್ಟು ಶಾಲೆ, ಆಡಳಿತಗಳಲ್ಲಿ ಗಳಿಸಿದ್ದು ನಿಲ್ಲುವುದಿಲ್ಲವೆಂದು ವಾದಿಸಿದರು. ಐರ್ಲೆಂಡು ಇದಕ್ಕೆ ನಿದರ್ಶನ. 1922ರಲ್ಲಿ ಸ್ವತಂತ್ರ ರಾಜ್ಯವಾದಂದಿನಿಂದ ಅಲ್ಲಿನ ಶಾಲೆಗಳು ಐರಿಷ್ ಭಾಷೆಯನ್ನು ಕಲಿಸುತ್ತ ಬಂದಿವೆ. ಲಕ್ಷಾಂತರ ಜನರಿಗೆ ಅದು ಅಷ್ಟಿಷ್ಟು ಬರುತ್ತದೆ. ಆದರೆ ದಿನನಿತ್ಯ ಮನೆಯಲ್ಲಿ ಅದನ್ನಾಡುವವರು ಸ್ವಲ್ಪ ಮಂದಿ. ನ್ಯೂಜಿಲೆಂಡಿನ ಮಾವೊರಿಗಳು 1982ರಲ್ಲಿ ಬೇರೆ ದಾರಿ ಹಿಡಿದರು. ಶಾಲೆಗೆ ಸೇರದ ಎಳೆಯ ಮಕ್ಕಳನ್ನು ‘ಕೊಹಾಂಗ ರೆಯೊ’, ಅಂದರೆ ಭಾಷೆಯ ಗೂಡು, ಎಂಬ ಶಿಶುವಿಹಾರಗಳಲ್ಲಿ ಸೇರಿಸಿ, ಭಾಷೆ ಬಲ್ಲ ಅಜ್ಜಿಯರು ದಿನವಿಡೀ ಮಾವೊರಿಯಲ್ಲೇ ಅವರನ್ನು ನೋಡಿಕೊಳ್ಳುವ ಏರ್ಪಾಡು ಅದು. ಚದುರಿಹೋದ ಹಿರಿಯ ಮನೆಯನ್ನು ಅವರು ಬೇರೊಂದು ರೂಪದಲ್ಲಿ ಮತ್ತೆ ಕಟ್ಟಿದರು. ಇದಕ್ಕೂ ಮಿತಿಯಿಲ್ಲದೆ ಇಲ್ಲ: ಮಗು ಸಂಜೆ ಮನೆಗೆ ಹಿಂದಿರುಗಿದಾಗ ತಾಯಿತಂದೆಗಳಿಗೆ ಭಾಷೆ ಬಾರದಿದ್ದರೆ ಗೂಡಿನಲ್ಲಿ ಕಲಿತದ್ದು ಗೂಡಿನಲ್ಲೇ ಉಳಿಯುತ್ತದೆ.

ಈ ದೃಷ್ಟಿಯಿಂದ ಕೊಡವದ ಸ್ಥಿತಿ ಮಾವೊರಿಗಿಂತ ಅನುಕೂಲಕರವಾದುದು. ಮೇಲೆ ಕಲ್ಪಿಸಿದ ಮನೆಯಲ್ಲಿ ತಾಯಿತಂದೆಗಳು ಇನ್ನೂ ನಿರರ್ಗಳವಾಗಿ ಮಾತನಾಡುತ್ತಾರೆ. ಮುರಿದಿರುವುದು ಒಂದೇ ಕೊಂಡಿ. ಮೈಸೂರಿನಲ್ಲಿ ನೆರೆಹೊರೆಯ ನಾಲ್ಕೈದು ಮನೆಗಳ ಮೂರು ನಾಲ್ಕು ವರ್ಷದ ಮಕ್ಕಳನ್ನು ದಿನಕ್ಕೆ ಕೆಲವು ಗಂಟೆ ಒಂದೆಡೆ ಸೇರಿಸಿ, ಅಲ್ಲಿ ಕೊಡವವನ್ನು ಮಾತ್ರ ಬಳಸುವುದು ದುಸ್ಸಾಧ್ಯವಲ್ಲ. ಮಕ್ಕಳು ತಮ್ಮತಮ್ಮಲ್ಲಿ ಯಾವ ಭಾಷೆಯಲ್ಲಿ ಜಗಳವಾಡುತ್ತಾರೆಂಬುದೇ ಫಲವನ್ನು ಅಳೆಯುವ ಮಾನದಂಡ. ಮಾತನ್ನು ತಿಳಿದೂ ಆಡಲಾರದ ಹದಿಹರೆಯದವರ ವಿಷಯ ಹೆಚ್ಚು ಕಠಿನ. ತಪ್ಪು ಉಚ್ಚಾರಣೆಗೆ ಹಿರಿಯರು ನಗುವುದು ಇವರಲ್ಲಿ ಹಲವರ ಬಾಯಿ ಕಟ್ಟಿಸುತ್ತದೆ. ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳಲ್ಲಿ 1990ರ ದಶಕದಿಂದ ನಡೆದಿರುವ ಗುರುಶಿಷ್ಯ ಪದ್ಧತಿಯಲ್ಲಿ ಒಬ್ಬ ಹಿರಿಯ, ಒಬ್ಬ ಕಿರಿಯ, ವಾರಕ್ಕೆ ಹತ್ತು ಇಪ್ಪತ್ತು ಗಂಟೆ, ಅಡುಗೆ, ನಡಿಗೆ, ತೋಟದ ಕೆಲಸಗಳನ್ನು ಮಾಡುತ್ತ ಇಂಗ್ಲಿಷನ್ನು ಬಳಸದೆ ಮಾತನಾಡುತ್ತಾರೆ.

ಪುತ್ತರಿ ಹಬ್ಬದಲ್ಲೂ ಮದುವೆಯಲ್ಲೂ ಹಾಡುವ ಕೊಡವ ಹಾಡುಗಳಲ್ಲಿ ಇಂತಹ ಕಲಿಕೆಗೆ ಸಿದ್ಧವಾದ ಏರ್ಪಾಡೊಂದು ಮೊದಲಿನಿಂದಲೂ ಇದೆ. ನಾಲ್ವರು ದುಡಿ ಬಾರಿಸುತ್ತ ಹಾಡುತ್ತಾರೆ. ಇಬ್ಬರು ಒಂದು ಸಾಲನ್ನು ಹಾಡಿದರೆ ಉಳಿದಿಬ್ಬರು ಅದನ್ನೇ ಹಿಂದೆ ಹಾಡುತ್ತಾರೆ. ಹಾಡು ಪೂರ್ತಿ ಬಾರದ ಹುಡುಗನು ಹಿಂದಿನ ಜೋಡಿಯಲ್ಲಿ ನಿಂತು, ಕೇಳಿದ್ದನ್ನು ಹೇಳುತ್ತ ಹೋಗಬಹುದು.