ನಿಮಗಿದು ಗೊತ್ತೆ? ಹಸಿರು ಟಿಕ್ ಕಂಡರೆ ಹಣ ಬಂತು ಎಂದಲ್ಲ!

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಅಂಗಡಿಗಳಲ್ಲೂ ಗ್ರಾಹಕರು ಕ್ಯೂಆರ್ ಸ್ಕ್ಯಾನ್ ಮಾಡಿ, ಮೊಬೈಲ್ ತೋರಿಸಿ ಹೊರಡುವುದು ಮಾಮೂಲು. ಆದರೆ ನಕಲಿ ಆ್ಯಪ್‌ನಲ್ಲಿ ಅಂಗಡಿಯ ಹೆಸರು, 640 ರೂಪಾಯಿ ಎಂದು ಟೈಪ್ ಮಾಡಿದರೆ ಸಾಕು. ಹಸಿರು ಟಿಕ್, ಸಮಯ, 12 ಅಂಕಿಯ ಯುಟಿಆರ್ ಸಂಖ್ಯೆ ಎಲ್ಲವೂ ಅಸಲಿಯಂತೆಯೇ ಮೂಡುತ್ತವೆ. ಖಾತೆಯಿಂದ ಒಂದು ಪೈಸೆಯೂ ಕದಲಿರುವುದಿಲ್ಲ.

ಅಂಗಡಿಯ ಸೌಂಡ್‌ಬಾಕ್ಸ್‌ಗೆ ಸಂದೇಶ ಬರುವುದು ಪಾವತಿ ಕಂಪನಿಯ ಸರ್ವರ್‌ನಿಂದ, ಗ್ರಾಹಕರ ಮೊಬೈಲಿನಿಂದಲ್ಲ. ನೆಟ್‌ವರ್ಕ್ ಸಿಗದಿದ್ದರೆ ಅಸಲಿ ಪಾವತಿಗೂ ಅದು ಸುಮ್ಮನಿರಬಹುದು. ಆಗ ನಿಮ್ಮದೇ ಆ್ಯಪ್ ತೆರೆದು ಮೊತ್ತ, ಸಮಯ ತಾಳೆ ನೋಡಿ. ಎಸ್ಸೆಮ್ಮೆಸ್ಸನ್ನಷ್ಟೇ ನಂಬಬೇಡಿ, ಅದನ್ನೂ ನಕಲು ಮಾಡುತ್ತಾರೆ. ಖಾತೆಯಲ್ಲಿ ಹಣ ಕಂಡ ಮೇಲೆಯೇ ಸಾಮಾನು ಕೊಡಿ. ಮೋಸವಾಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.