ಸ್ನಾತಕೋತ್ತರ ಪ್ರಬಂಧ: ಪೂರ್ವ ಅಧ್ಯಯನಗಳ ಸಮೀಕ್ಷೆ ಹೇಗೆ?

ತಾಳವಾಡಿಯ ಕನ್ನಡ ಶಾಲೆಗಳ ಕುರಿತು ಪ್ರಬಂಧ ಬರೆಯುವವರು ಮೊದಲು ಪ್ರಶ್ನೆಯನ್ನು ಕಿರಿದಾಗಿಸಿಕೊಳ್ಳಬೇಕು: ಶಾಲೆಗಳಲ್ಲಿ ತಮಿಳನ್ನು ಕಡ್ಡಾಯಗೊಳಿಸಿದ 2006ರ ಕಾಯ್ದೆಯ ನಂತರ ಇಲ್ಲಿನ ಕನ್ನಡ ಬೋಧನೆ ಹೇಗೆ ಬದಲಾಗಿದೆ?

ಎರಡನೆಯದು ಹುಡುಕಾಟ. ಶೋಧಗಂಗಾ ಜಾಲತಾಣದಲ್ಲಿ ‘ಈರೋಡ್’ ಎಂದಷ್ಟೇ ಹುಡುಕಿದರೆ ಹಳೆಯ ಅಧ್ಯಯನಗಳು ತಪ್ಪಿಹೋಗಬಹುದು. ಈ ಪ್ರದೇಶವು 1979ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಬಳಿಕ ಪೆರಿಯಾರ್ ಜಿಲ್ಲೆಗೆ ಸೇರಿತು. ಆ ಹೆಸರುಗಳಿಂದಲೂ Talavadi, Thalavadi ಎಂಬ ಎರಡು ರೂಪಗಳಿಂದಲೂ ಹುಡುಕಬೇಕು.

ಮೂರನೆಯದಾಗಿ, ಪ್ರತಿಯೊಂದು ಅಧ್ಯಯನದ ಪ್ರಶ್ನೆ, ಸ್ಥಳ, ವಿಧಾನ, ಫಲಿತಗಳನ್ನು ಕೋಷ್ಟಕದಲ್ಲಿ ಬರೆದಿಡಬೇಕು.

ಕೊನೆಗೆ, ಬರವಣಿಗೆಯು ವಿಷಯಾನುಸಾರ ಸಾಗಬೇಕು. ಪ್ರತಿ ಪರಿಚ್ಛೇದವೂ ಒಬ್ಬ ಲೇಖಕರ ಹೆಸರಿನಿಂದಲೇ ಆರಂಭವಾದರೆ ಅದು ಬರಿಯ ಪಟ್ಟಿಯಾಗುತ್ತದೆ. ‘ಯಾರೂ ಅಧ್ಯಯನ ಮಾಡಿಲ್ಲ’ ಎಂದು ಬರೆಯುವ ಮುನ್ನ ಹಳೆಯ ಜಿಲ್ಲೆಗಳ ಹೆಸರಿನಲ್ಲಿ ಹುಡುಕಿದ್ದಾಯಿತೇ ಎಂದು ಮತ್ತೊಮ್ಮೆ ನೋಡಬೇಕು.