‘ನನಗೆ’ ಎಂಬ ಮಾತೂ ಇಂಗ್ಲಿಷ್ ಸಂಭಾಷಣೆಯೂ

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಮನೆಗಳಲ್ಲಿ ಬಾಲಿಕೆಯು “ನನಗ ಜ್ವರ ಬಂದದ” ಎಂದರೆ, ಆ ವಾಕ್ಯದಲ್ಲಿ ಕರ್ತೃವು ಜ್ವರವೇ. ಬಾಲಿಕೆಯು ಚತುರ್ಥೀ ವಿಭಕ್ತಿಯಲ್ಲಿ ನಿಂತು ಅದನ್ನು ಬರಮಾಡಿಕೊಳ್ಳುವಳು. ಪದಕ್ಕೆ ಪದವಿಟ್ಟರೆ “ಟು ಮಿ ಫೀವರ್ ಹ್ಯಾಸ್ ಕಮ್” ಎಂದಾಗುವುದು. ಇಂಗ್ಲಿಷರಾದರೋ ರೋಗಿಯನ್ನೇ ಮುಂದಿರಿಸಿ “ಐ ಹ್ಯಾವ್ ಎ ಫೀವರ್” ಎನ್ನುವರು.

ಆದುದರಿಂದ ಬಾಯಿ ತೆರೆಯುವ ಮುನ್ನವೇ ‘ನನಗೆ’ ಎಂಬುದನ್ನು ‘ನಾನು’ ಎಂದು ತಿರುಗಿಸಿಕೊಂಡು, ಅದರ ಬೆನ್ನಿಗೇ ಕ್ರಿಯಾಪದವನ್ನಿಡಬೇಕೆಂದು ನಾವು ಹೇಳುತ್ತೇವೆ. ನಮ್ಮಲ್ಲಿ ಕಡೆಗೆ ಬರುವ ಕ್ರಿಯಾಪದವು ಅಲ್ಲಿ ಕರ್ತೃವನ್ನು ಬಿಟ್ಟಗಲದು. ತೊಡಕೇನೆಂದರೆ, ನಮ್ಮ ‘ಬಂದಿದೆ’, ‘ಆಗಿದೆ’ಗಳು ಅಲ್ಲಿ ಸಲ್ಲವು. ಹಸಿವಾದರೆ “ಐ ಆ್ಯಮ್ ಹಂಗ್ರಿ”, ನೆಗಡಿಯಾದರೆ “ಐ ಹ್ಯಾವ್ ಎ ಕೋಲ್ಡ್”, ಗೊತ್ತಿದ್ದರೆ “ಐ ನೋ”. ಇವಕ್ಕೆಲ್ಲ ಒಂದೇ ಸೂತ್ರವಿಲ್ಲ. ಪದಗಳನ್ನು ಬಿಡಿಸದೆ ಇಡಿಯ ವಾಕ್ಯವನ್ನೇ ನಾಲಗೆಗೆ ರೂಢಿಸಬೇಕು.

ಸಂಜೆಯ ಹೊತ್ತು ತಾಯಿಯು ಕನ್ನಡದಲ್ಲಿಯೇ “ನಿನಗ ತಂಗಿಯರು ಎಷ್ಟು ಮಂದಿ?” ಎಂದು ಕೇಳಲಿ, ಮಗಳು ಇಂಗ್ಲಿಷಿನಲ್ಲಿ ಉತ್ತರಿಸಲಿ. ತಾಯಿಗೆ ಇಂಗ್ಲಿಷು ಬಾರದಿದ್ದರೂ ಬಾಧೆಯಿಲ್ಲ. ಉತ್ತರದ ಮೊದಲಲ್ಲಿ “ಟು ಮಿ” ಕೇಳಿಸಿದರೆ ಮಗಳು ಇನ್ನೂ ಕನ್ನಡವನ್ನೇ ಹೊತ್ತು ನಡೆದಿದ್ದಾಳೆ; ನಿಲ್ಲಿಸಿ, “ಐ ಹ್ಯಾವ್ ಟೂ ಸಿಸ್ಟರ್ಸ್” ಎಂಬುದನ್ನು ಮತ್ತೆ ಹೇಳಿಸಬೇಕು.